ಚಿತ್ರವಿಲ್ಲದ ಪಾಠಕ್ಕೆ ಚಿತ್ರಪ್ರಶ್ನೆ

ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಚಿತ್ರಾಧಾರಿತ ಪ್ರಶ್ನೆಗೆ ಇಂತಿಷ್ಟು ಅಂಕ ಎಂದು ಮೀಸಲಾಗಿರುತ್ತದೆ. ಆದರೆ ಆ ಅಂಕ ಯಾವ ಪಾಠಭಾಗಕ್ಕೆ ಬಂದಿದೆಯೋ ಅಲ್ಲಿ ಚಿತ್ರವೇ ಇರುವುದಿಲ್ಲ. ಆಗ ಜೀವವಿಜ್ಞಾನದ ಶಿಕ್ಷಕರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಪಾಠದ ವಾಕ್ಯಗಳನ್ನು ಓದಿಕೊಂಡು ತಾವೇ ಒಂದು ರೇಖಾಚಿತ್ರ ಬರೆಯುವುದು ಒಂದು ದಾರಿ. ಚಿತ್ರ ಬರೆಯುವ ಗೋಜಿಗೆ ಹೋಗದೆ, 'ಒಂದು ಚಿತ್ರದಲ್ಲಿ ಹೀಗೆ ಹೀಗೆ ತೋರಿಸಲಾಗಿದೆ ಎಂದು ಭಾವಿಸಿ' ಎಂದು ಮಾತಿನಲ್ಲೇ ವರ್ಣಿಸುವುದು ಇನ್ನೊಂದು. ಎರಡರಲ್ಲೂ ತಪ್ಪೇನಿಲ್ಲ. ಆದರೆ ಹೀಗೆ ಹುಟ್ಟಿದ ಪ್ರಶ್ನೆಗಳಲ್ಲಿ ಒಂದೇ ಬಗೆಯ ದೋಷ ಮತ್ತೆ ಮತ್ತೆ ಕಾಣುತ್ತದೆ. ಅದನ್ನು ಒಂದೇ ಉದಾಹರಣೆಯಲ್ಲಿ ವಿವರವಾಗಿ ನೋಡೋಣ.

ಭೌತವಿಜ್ಞಾನದವನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ನಾವು ದಿನವೂ ಚಿತ್ರ ಬರೆಯುವವರೇ. ಇಳಿಜಾರಿನ ಮೇಲೆ ಒಂದು ಚೌಕ ಬರೆದು 'ಇದು 5 ಕಿಲೋಗ್ರಾಂ ದಿಮ್ಮಿ' ಎನ್ನುತ್ತೇವೆ. ದಿಮ್ಮಿ ಚೌಕಾಕಾರವಾಗಿಯೇ ಇರಬೇಕೆಂದು ಯಾವ ವಿದ್ಯಾರ್ಥಿಯೂ ತಿಳಿಯುವುದಿಲ್ಲ, ಏಕೆಂದರೆ ಆ ಚಿತ್ರ ಒಂದು ಒಪ್ಪಂದದ ಸಂಕೇತ. ಕೋಶದ ಚಿತ್ರ ಹಾಗಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹೀಗಿರುತ್ತದೆ ಎಂದು ಅದು ಸಾಕ್ಷಿ ಹೇಳುತ್ತದೆ, ವಿದ್ಯಾರ್ಥಿಯೂ ಅದನ್ನು ಹಾಗೆಯೇ ಓದುತ್ತಾನೆ.

ಎನ್‌ಸಿಇಆರ್‌ಟಿಯ 9ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಲವು ವರ್ಷ ಇದ್ದ ಕೋಶದ ಪಾಠವನ್ನು ನೆನಪಿಸಿಕೊಳ್ಳಿ. ನಮ್ಮ ರಾಜ್ಯದ ಮಕ್ಕಳೂ ಅದನ್ನು ಓದಿದ್ದಾರೆ. ಜೀವಂತ ಸಸ್ಯಕೋಶ ಅಭಿಸರಣೆಯಿಂದ ನೀರು ಕಳೆದುಕೊಂಡಾಗ ಒಳಗಿನ ವಸ್ತು ಕುಗ್ಗಿ ಕೋಶಭಿತ್ತಿಯಿಂದ ದೂರ ಸರಿಯುತ್ತದೆ, ಇದಕ್ಕೆ ಪ್ಲಾಸ್ಮಾಲಿಸಿಸ್ ಎಂದು ಹೆಸರು ಎಂಬ ವಿಷಯ ಅಲ್ಲಿ ಒಂದೆರಡು ವಾಕ್ಯಗಳಲ್ಲಿ ಬರುತ್ತದೆ. ಅದರ ಜೊತೆಗೇ ಒಂದು ಚಟುವಟಿಕೆ ಇದೆ. ರಿಯೋ ಗಿಡದ ಎಲೆಯ ಸಿಪ್ಪೆಯನ್ನು ನೀರಿನಲ್ಲಿಟ್ಟು ನೋಡಬೇಕು, ಆಮೇಲೆ ಸಕ್ಕರೆ ಅಥವಾ ಉಪ್ಪಿನ ಗಾಢ ದ್ರಾವಣ ಹಾಕಿ ನೋಡಬೇಕು. ಕುದಿಸಿದ ಎಲೆಯಲ್ಲೂ ಇದನ್ನೇ ಮಾಡಿ ಹೋಲಿಸಬೇಕು. ಪಾಠದಲ್ಲಿ ಸಸ್ಯಕೋಶದ ಚಿತ್ರವಿದೆ, ಈರುಳ್ಳಿ ಸಿಪ್ಪೆಯ ಕೋಶಗಳ ಚಿತ್ರವಿದೆ. ಪ್ಲಾಸ್ಮಾಲಿಸಿಸ್‌ಗೆ ಮಾತ್ರ ಚಿತ್ರವಿಲ್ಲ. ಚಿತ್ರಪ್ರಶ್ನೆ ತಯಾರಿಸುವವರಿಗೆ ಇಂಥ ಜಾಗವೇ ಬೇಕು.

ಅಲ್ಲಿಂದ ಸಾಮಾನ್ಯವಾಗಿ ಹೊರಬರುವ ಚಿತ್ರ ಹೀಗಿರುತ್ತದೆ. ಒಂದು ಆಯತ, ಅದು ಕೋಶಭಿತ್ತಿ. ಅದರ ನಟ್ಟನಡುವೆ, ಎಲ್ಲ ಬದಿಗಳಿಂದಲೂ ದೂರವಾಗಿ ಇನ್ನೊಂದು ಚಿಕ್ಕ ಆಯತ ಅಥವಾ ಮೊಟ್ಟೆಯಾಕಾರ, ಅದು ಕುಗ್ಗಿದ ಒಳಭಾಗ. ಅದರೊಳಗೆ ಕೋಶಕೇಂದ್ರಕ್ಕೆ ಒಂದು ಚುಕ್ಕೆ. ಹೊರಗೆರೆಗೆ 'ಅ', ಒಳಗೆರೆಗೆ 'ಆ', ನಡುವಿನ ಬಿಳಿ ಜಾಗಕ್ಕೆ 'ಇ' ಎಂದು ಗುರುತು. ಪ್ರಶ್ನೆಗಳು: ಈ ವಿದ್ಯಮಾನ ಯಾವುದು? 'ಅ' ಮತ್ತು 'ಆ' ಭಾಗಗಳನ್ನು ಹೆಸರಿಸಿ. 'ಇ' ಜಾಗದಲ್ಲಿ ಏನಿದೆ?

ಪಾಠದ ವಾಕ್ಯ 'ಕುಗ್ಗಿ ದೂರ ಸರಿಯುತ್ತದೆ' ಎಂದಷ್ಟೇ ಹೇಳಿತ್ತು. ಎಷ್ಟು ಕುಗ್ಗಿತು, ಎಲ್ಲ ಕಡೆಯಿಂದಲೂ ಸರಿಯಿತೇ, ಆಕಾರ ಏನಾಯಿತು, ಬಣ್ಣ ಏನಾಯಿತು, ಬಿಟ್ಟ ಜಾಗದಲ್ಲಿ ಏನು ತುಂಬಿತು ಎಂಬ ಬಗ್ಗೆ ವಾಕ್ಯ ಸುಮ್ಮನಿತ್ತು. ವಾಕ್ಯ ಹಾಗೆ ಸುಮ್ಮನಿರಬಹುದು. ಚಿತ್ರಕ್ಕೆ ಆ ಸೌಲಭ್ಯವಿಲ್ಲ. ಗೆರೆ ಎಳೆದ ಕೂಡಲೇ ಎಷ್ಟು, ಎಲ್ಲಿ, ಯಾವ ಆಕಾರ ಎಂಬುದಕ್ಕೆಲ್ಲ ಉತ್ತರ ಕೊಟ್ಟಂತಾಗುತ್ತದೆ. ಬರೆದವರು ಅದನ್ನು ಯೋಚಿಸಿ ಕೊಟ್ಟಿರದಿದ್ದರೂ ವಿದ್ಯಾರ್ಥಿಗೆ ಅದು ಉತ್ತರವೇ.

ಮೊದಲು 'ಇ' ಜಾಗವನ್ನು ನೋಡೋಣ, ಪ್ರಶ್ನೆಯ ತಿರುಳು ಅಲ್ಲಿಯೇ ಇದೆ. ಅಲ್ಲಿ ತುಂಬಿರುವುದು ಹೊರಗಿನ ಸಕ್ಕರೆ ಅಥವಾ ಉಪ್ಪಿನ ದ್ರಾವಣ. ಕೋಶಭಿತ್ತಿ ನೀರನ್ನೂ ಬಿಡುತ್ತದೆ, ಅದರಲ್ಲಿ ಕರಗಿರುವ ಸಕ್ಕರೆ, ಉಪ್ಪನ್ನೂ ಬಿಡುತ್ತದೆ. ತಡೆಯುವುದು ಒಳಗಿನ ಕೋಶಪೊರೆ. ಒಳಭಾಗ ಹಿಂದೆ ಸರಿದ ಹಾಗೆಲ್ಲ ಹೊರಗಿನ ದ್ರಾವಣ ಭಿತ್ತಿಯನ್ನು ದಾಟಿ ಆ ಜಾಗವನ್ನು ತುಂಬುತ್ತದೆ. ಚಿತ್ರದಲ್ಲಿ ಮಾತ್ರ ಅದು ಬರೀ ಬಿಳಿ. ಆಯತದ ಹೊರಗೂ ಕಾಗದದ ಬಿಳಿಯೇ ಇರುವುದರಿಂದ ಅಲ್ಲೊಂದು ದ್ರಾವಣ ಇದೆ ಎಂಬ ಸುಳಿವೂ ಇಲ್ಲ. ಅದನ್ನು ನೋಡಿದ ಹುಡುಗ 'ಗಾಳಿ' ಎಂದು ಬರೆದರೆ, ಇಲ್ಲವೇ 'ನಿರ್ವಾತ' ಎಂದು ಬರೆದರೆ, ಅವನು ಕಣ್ಣಿಗೆ ಕಂಡದ್ದನ್ನೇ ಬರೆದಿದ್ದಾನೆ. ಪಾಠವನ್ನು ಓದಿ ಸರಿಪಡಿಸಿಕೊಳ್ಳೋಣವೆಂದರೆ, ಭಿತ್ತಿ ಸಕ್ಕರೆಯನ್ನೂ ಹಾಯಗೊಡುತ್ತದೆ ಎಂಬ ಮುಖ್ಯ ಸಂಗತಿ ಪ್ಲಾಸ್ಮಾಲಿಸಿಸ್ಸಿನ ಆ ಒಂದೆರಡು ವಾಕ್ಯಗಳಲ್ಲಿ ಇಲ್ಲ. ಚಿತ್ರವೂ ಹೇಳದ, ಆ ವಾಕ್ಯಗಳೂ ಹೇಳದ ವಿಷಯಕ್ಕೆ ಅಂಕ ಇಟ್ಟಂತಾಯಿತು.

ಇದನ್ನು ಸರಿಪಡಿಸುವುದು ಸುಲಭ. ಕೋಶದ ಹೊರಗೆ ದ್ರಾವಣಕ್ಕೆ ಸಣ್ಣ ಚುಕ್ಕೆಗಳನ್ನು ತುಂಬಿ, ಅದಕ್ಕೆ 'ಸಕ್ಕರೆ ದ್ರಾವಣ' ಎಂದು ಹೆಸರು ಬರೆಯಿರಿ. 'ಇ' ಜಾಗವನ್ನು ಖಾಲಿ ಬಿಟ್ಟು, ಇಲ್ಲೂ ಚುಕ್ಕೆಗಳನ್ನು ತುಂಬಬೇಕೇ, ಬೇಕಾದರೆ ಏಕೆ ಎಂದು ಕೇಳಿ. 'ಕೋಶಭಿತ್ತಿಯ ಮೂಲಕ ಸಕ್ಕರೆಯ ಅಣುಗಳು ಹಾಯಬಲ್ಲವು' ಎಂಬ ವಾಕ್ಯವನ್ನು ಪ್ರಶ್ನೆಯಲ್ಲಿಯೇ ಕೊಡಿ. ಆಗ ವಿದ್ಯಾರ್ಥಿ ನೆನಪಿನಿಂದ ಉತ್ತರ ಹುಡುಕಬೇಕಿಲ್ಲ. ಎರಡು ತಡೆಗಳಲ್ಲಿ ಯಾವುದು ಏನನ್ನು ತಡೆಯುತ್ತದೆ ಎಂದು ಯೋಚಿಸಿದರೆ ಸಾಕು.

ಇನ್ನು ಗಾತ್ರದ ವಿಷಯ. ಚಿತ್ರ ಬರೆಯುವವರು ಒಳ ಆಯತವನ್ನು ಹೊರಗಿನದರ ಉದ್ದಗಲಗಳ ಅರ್ಧಕ್ಕೆ ಬರೆಯುವುದು ಸಾಮಾನ್ಯ, ನೋಡಲು ಸ್ಪಷ್ಟವಾಗಿರುತ್ತದೆ. ಕೋಶಕ್ಕೆ ಆಳವೂ ಇದೆ, ಅದೂ ಅರ್ಧವಾಯಿತೆಂದು ಇಟ್ಟುಕೊಳ್ಳಿ. ಉದ್ದ, ಅಗಲ, ಆಳ ಮೂರೂ ಅರ್ಧವಾದರೆ ಘನಗಾತ್ರ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೋಶದೊಳಗೆ ಕರಗಿರುವ ಕಣಗಳು ಒಳಗೇ ಉಳಿದು ನೀರು ಮಾತ್ರ ಹೊರಗೆ ಹೋಗಿದೆ ಎಂದಾದರೆ, ಒಳಗಿನ ಸಾರತೆ ಎಂಟು ಪಟ್ಟಾಗಬೇಕು. ನೀರಿನ ಚಲನೆ ನಿಂತಾಗ ಹೊರಗಿನ ದ್ರಾವಣದ ಸಾರತೆಯೂ ಅಷ್ಟೇ ಇರಬೇಕು. ಕೋಶರಸದಲ್ಲಿ ಲೀಟರಿಗೆ 0.3 ಮೋಲ್ ಕಣಗಳಿದ್ದವೆಂದು ಹಿಡಿದರೆ, ಹೊರಗೆ ಲೀಟರಿಗೆ 2.4 ಮೋಲ್ ಬೇಕು. ಸಕ್ಕರೆಯ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 820 ಗ್ರಾಂ, ಅಂದರೆ ಜಾಮೂನಿಗೆ ಮಾಡುವ ಪಾಕದಂಥದ್ದು. ಈ ಲೆಕ್ಕ ಸ್ಥೂಲವಾದದ್ದು. ಇಷ್ಟು ಗಾಢ ದ್ರಾವಣಗಳು ಸರಳ ನಿಯಮವನ್ನು ನಿಖರವಾಗಿ ಪಾಲಿಸುವುದಿಲ್ಲ, ಕೋಶದ ಒಳಭಾಗವೆಲ್ಲ ನೀರೂ ಅಲ್ಲ. ಆದರೂ ಪ್ರಯೋಗಶಾಲೆಯಲ್ಲಿ 20 ಪ್ರತಿಶತ ಸಕ್ಕರೆ ನೀರು ಹಾಕಿ ನೋಡಿದವರಿಗೆ ಆ ಚಿತ್ರ ಕಾಣಸಿಗುವುದಿಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಹಾಗಾದರೆ ಸರಿಯಾಗಿ ಬರೆಯುವುದು ಹೇಗೆ? ಇದಕ್ಕೆ ಹಳೆಯದೊಂದು ಸೊಗಸಾದ ದಾರಿ ಇದೆ. ಆಸ್ಟ್ರಿಯದ ಸಸ್ಯವಿಜ್ಞಾನಿ ಕಾರ್ಲ್ ಹ್ಯೋಫ್ಲರ್ 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಉದ್ದನೆಯ ಕೋಶಗಳಲ್ಲಿ ಪ್ಲಾಸ್ಮಾಲಿಸಿಸ್ಸನ್ನು ಅಳೆಯುವ ವಿಧಾನ ರೂಪಿಸಿದರು. ಅಂಥ ಕೋಶದ ಒಳಭಾಗ ಎಲ್ಲ ಬದಿಗಳಿಂದ ಸಮನಾಗಿ ಸರಿಯುವುದಿಲ್ಲ. ಚೆನ್ನಾಗಿ ಕುಗ್ಗಿ ಸ್ಥಿರವಾದಾಗ ಅದು ಅಕ್ಕಪಕ್ಕದ ಉದ್ದ ಭಿತ್ತಿಗಳಿಗೆ ತಾಗಿಕೊಂಡೇ ಇರುತ್ತದೆ, ಎರಡು ತುದಿಗಳಲ್ಲಿ ಮಾತ್ರ ಹಿಂದೆ ಸರಿದು ಗುಂಡಗಾಗುತ್ತದೆ. ಔಷಧದ ಕ್ಯಾಪ್ಸೂಲನ್ನು ನೆನೆಸಿಕೊಳ್ಳಿ. ಕೋಶದ ಉದ್ದ h, ಅಗಲ b, ಕುಗ್ಗಿದ ಒಳಭಾಗದ ಉದ್ದ l ಆಗಿರಲಿ. ಕೋಶವನ್ನು ಸಿಲಿಂಡರ್ ಎಂದೂ ಒಳಭಾಗದ ತುದಿಗಳನ್ನು ಅರ್ಧಗೋಳಗಳೆಂದೂ ಭಾವಿಸಿದರೆ, ಒಳಭಾಗದ ಘನಗಾತ್ರಕ್ಕೂ ಕೋಶದ ಘನಗಾತ್ರಕ್ಕೂ ಇರುವ ಅನುಪಾತ

G = (l − b/3)/h

ಎಂದಾಗುತ್ತದೆ. ಕ್ಯಾಪ್ಸೂಲಿನ ನಡುಭಾಗದ ಉದ್ದ l − b, ಎರಡು ಅರ್ಧಗೋಳಗಳು ಸೇರಿ b ವ್ಯಾಸದ ಒಂದು ಗೋಳ. ಇವುಗಳ ಘನಗಾತ್ರಗಳನ್ನು ಕೂಡಿಸಿ ಸಿಲಿಂಡರಿನದರಿಂದ ಭಾಗಿಸಿದರೆ ಸೂತ್ರ ಬರುತ್ತದೆ. ಪಿಯುಸಿ ವಿದ್ಯಾರ್ಥಿ ಇದನ್ನು ತಾನೇ ಮಾಡಿ ನೋಡಬಹುದು.

ಈಗ ಈರುಳ್ಳಿಯ ಸಿಪ್ಪೆಯ ಒಂದು ಕೋಶ ತೆಗೆದುಕೊಳ್ಳೋಣ. ಉದ್ದ 300 ಮೈಕ್ರೋಮೀಟರ್, ಅಗಲ 60 ಮೈಕ್ರೋಮೀಟರ್ ಇರಲಿ. ಕೋಶರಸದ ಸಾರತೆ ಮೊದಲಿನಂತೆಯೇ 0.3, ಹೊರಗೆ ಲೀಟರಿಗೆ 0.6 ಮೋಲ್ ಸಕ್ಕರೆ, ಅಂದರೆ ಸುಮಾರು 205 ಗ್ರಾಂ. ಸಾರತೆ ಎರಡು ಪಟ್ಟಾಗಬೇಕಾದ್ದರಿಂದ ಘನಗಾತ್ರ ಅರ್ಧವಾಗಬೇಕು, G = 0.5. ಆಗ l = 150 + 20 = 170 ಮೈಕ್ರೋಮೀಟರ್. ಕಾಗದದ ಮೇಲೆ ಕೋಶವನ್ನು 9 ಸೆಂಟಿಮೀಟರ್ ಉದ್ದ, 1.8 ಸೆಂಟಿಮೀಟರ್ ಅಗಲಕ್ಕೆ ಬರೆದರೆ ಒಳಭಾಗದ ಉದ್ದ 5.1 ಸೆಂಟಿಮೀಟರ್, ಅಗಲ ಭಿತ್ತಿಯಿಂದ ಭಿತ್ತಿಯವರೆಗೆ. ವರ್ಧನೆ 300 ಪಟ್ಟು. ಚಿತ್ರದ ಕೆಳಗೆ 3 ಸೆಂಟಿಮೀಟರಿನ ಒಂದು ಗೆರೆ ಎಳೆದು '100 ಮೈಕ್ರೋಮೀಟರ್' ಎಂದು ಬರೆಯಬಹುದು. ಇಷ್ಟಕ್ಕೆ ಬೇಕಾದದ್ದು ಅಳತೆಪಟ್ಟಿ, ಐದು ನಿಮಿಷ. ಇದಕ್ಕೆ ಪ್ರತಿಫಲವಾಗಿ ಪ್ರಶ್ನೆಯ ದರ್ಜೆಯೇ ಬದಲಾಗುತ್ತದೆ. 'ಈ ವಿದ್ಯಮಾನ ಯಾವುದು' ಎಂಬುದರ ಬದಲು, 'ಚಿತ್ರದಿಂದ ಅಳೆದು, ಹೊರಗಿನ ದ್ರಾವಣದ ಸಾರತೆ ಕೋಶರಸದ ಎಷ್ಟು ಪಟ್ಟು ಇದೆ ಎಂದು ಅಂದಾಜು ಮಾಡಿ' ಎಂದು ಕೇಳಬಹುದು. ಚಿತ್ರವಿಲ್ಲದೆ ಅದಕ್ಕೆ ಉತ್ತರಿಸಲು ಬರುವುದಿಲ್ಲ. 9ನೆಯ ತರಗತಿಗೆ ಇದು ಹೆಚ್ಚಾಯಿತು, ಒಪ್ಪುತ್ತೇನೆ. ಅಲ್ಲಿ ಚಿತ್ರವಾದರೂ ಸರಿಯಾಗಿರಲಿ.

'ಚಿತ್ರ ಅಳತೆಗೆ ಅನುಗುಣವಾಗಿಲ್ಲ' ಎಂದು ಕೆಳಗೆ ಬರೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆ ಟಿಪ್ಪಣಿ ಗಾತ್ರವನ್ನು ಮನ್ನಿಸುತ್ತದೆ, ನಿಜ. ಆಕಾರವನ್ನೂ ಬಣ್ಣವನ್ನೂ ಅದು ಮನ್ನಿಸುವುದಿಲ್ಲ. ಬಣ್ಣದ ಮಾತು ಇಲ್ಲಿ ಸಣ್ಣದಲ್ಲ. ಚಟುವಟಿಕೆಗೆ ರಿಯೋ ಎಲೆಯನ್ನೇ ಆರಿಸಿದ್ದು ಅದರ ಕೆಳಸಿಪ್ಪೆಯ ಕೋಶಗಳ ರಸದಾನಿಯಲ್ಲಿ ನೇರಳೆ ಬಣ್ಣದ ಆಂಥೋಸಯನಿನ್ ಇರುವುದರಿಂದ. ನೀರು ಹೊರಗೆ ಹೋದಾಗ ಬಣ್ಣ ಒಳಗೇ ಉಳಿಯುತ್ತದೆ, ಆದ್ದರಿಂದ ಕುಗ್ಗಿದ ಭಾಗ ಮೊದಲಿಗಿಂತ ಗಾಢವಾಗಿ ಕಾಣಬೇಕು. ಬಣ್ಣವೂ ನೀರಿನೊಡನೆ ಹೊರಬಂದಿದ್ದರೆ ನಡುವಿನ ಜಾಗವೂ ನೇರಳೆಯಾಗಿರುತ್ತಿತ್ತು. ಕೋಶಪೊರೆ ಯಾವುದನ್ನು ಬಿಡುತ್ತದೆ, ಯಾವುದನ್ನು ಬಿಡುವುದಿಲ್ಲ ಎಂಬುದಕ್ಕೆ ಕಣ್ಣೆದುರಿನ ಪುರಾವೆ ಇದು. ಎರಡೂ ಚಿತ್ರಗಳಲ್ಲಿ ಒಳಭಾಗಕ್ಕೆ ಒಂದೇ ಬಗೆಯ ಗೆರೆಗಳನ್ನು ತುಂಬಿದರೆ ಆ ಪುರಾವೆ ಅಳಿಸಿಹೋಗುತ್ತದೆ. ಮೊದಲ ಚಿತ್ರದಲ್ಲಿ ಗೆರೆಗಳನ್ನು ವಿರಳವಾಗಿ, ಎರಡನೆಯದರಲ್ಲಿ ಒತ್ತಾಗಿ ಹಾಕಿದರೆ ಸಾಕು, ಬಣ್ಣದ ಮುದ್ರಣ ಬೇಕಿಲ್ಲ.

ಇನ್ನು ಮಾತಿನಲ್ಲಿ ವರ್ಣಿಸುವ ದಾರಿ. ವರ್ಣನೆ ಚಿತ್ರಕ್ಕಿಂತ ಸುರಕ್ಷಿತ ಎಂದು ತೋರಬಹುದು, ಏಕೆಂದರೆ ವಾಕ್ಯ ಸುಮ್ಮನಿರಬಲ್ಲದು. ಅದರ ಕಷ್ಟ ಬೇರೆ. ಸಾಮಾನ್ಯವಾಗಿ ಅದು ಹೀಗಿರುತ್ತದೆ: 'ಒಂದು ಚಿತ್ರದಲ್ಲಿ ಗಾಢ ದ್ರಾವಣದಲ್ಲಿಟ್ಟ ಸಸ್ಯಕೋಶದ ಕೋಶದ್ರವ್ಯವು ನೀರು ಕಳೆದುಕೊಂಡು ಕುಗ್ಗಿ ಕೋಶಭಿತ್ತಿಯಿಂದ ಬೇರ್ಪಟ್ಟಿರುವುದನ್ನು ತೋರಿಸಲಾಗಿದೆ. ಈ ವಿದ್ಯಮಾನ ಯಾವುದು?' ಇದು ಪಾಠದ ವಾಕ್ಯವೇ, 'ಚಿತ್ರದಲ್ಲಿ' ಎಂಬ ಪದವೊಂದು ಹೆಚ್ಚು. ನೋಡಿ ತೀರ್ಮಾನಿಸಬೇಕಾದ ಎಲ್ಲವನ್ನೂ, ಅಂದರೆ ಗಾಢ ದ್ರಾವಣ, ನೀರು ಹೊರಹೋಗಿದ್ದು, ಬೇರ್ಪಟ್ಟದ್ದು, ವರ್ಣಿಸಿದವರೇ ತೀರ್ಮಾನಿಸಿಬಿಟ್ಟಿದ್ದಾರೆ. ವಿದ್ಯಾರ್ಥಿಗೆ ಉಳಿದದ್ದು ಹೆಸರು ನೆನಪಿಸಿಕೊಳ್ಳುವ ಕೆಲಸ ಮಾತ್ರ.

ಚಿತ್ರದ ವರ್ಣನೆಯಲ್ಲಿ ಕಣ್ಣಿಗೆ ಕಾಣುವುದಷ್ಟೇ ಇರಬೇಕು. ಅದನ್ನೇ ಹೀಗೆ ಬರೆಯಬಹುದು: 'ಒಂದೇ ಕೋಶವನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಲಾಗಿದೆ. ಎರಡೂ ಸಲ ಹೊರಗೆರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಆಯತ. ಮೊದಲ ಸಲ ನೇರಳೆ ಬಣ್ಣ ಆಯತವನ್ನು ಪೂರ್ತಿ ತುಂಬಿತ್ತು. ಎರಡನೆಯ ಸಲ ಅದು ಉದ್ದದ ಅರ್ಧಕ್ಕಿಂತ ತುಸು ಹೆಚ್ಚು ಭಾಗದಲ್ಲಿ ಮಾತ್ರ ಇದೆ, ಮೊದಲಿಗಿಂತ ಗಾಢವಾಗಿದೆ, ಅದರ ತುದಿಗಳು ದುಂಡಗಾಗಿವೆ. ತುದಿಗಳಾಚೆ ಬಣ್ಣವಿಲ್ಲ.' ಈಗ ಕೇಳಿ: ಈ ನಡುವೆ ಕೋಶದ ಸುತ್ತಲಿನ ದ್ರವದಲ್ಲಿ ಏನು ಬದಲಾಗಿರಬೇಕು? ಬಣ್ಣ ಗಾಢವಾದದ್ದೇಕೆ? ಕೋಶಭಿತ್ತಿಯ ಬಗ್ಗೆ ಈ ಎರಡು ನೋಟಗಳಿಂದ ಏನು ತಿಳಿಯುತ್ತದೆ? 'ಹೆಚ್ಚುಕಡಿಮೆ ಅಷ್ಟೇ' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನೀರು ತುಂಬಿ ಬಿಗಿಯಾಗಿದ್ದ ಕೋಶದ ಭಿತ್ತಿ ಸ್ವಲ್ಪ ಹಿಗ್ಗಿರುತ್ತದೆ, ಒತ್ತಡ ಇಳಿದಾಗ ತುಸು ಕುಗ್ಗುತ್ತದೆ.

ಇಂಥ ವರ್ಣನೆಯ ಅಗತ್ಯ ದೃಷ್ಟಿದೋಷವಿರುವ ಪರೀಕ್ಷಾರ್ಥಿಗಳ ವಿಷಯದಲ್ಲಿ ಎದ್ದು ಕಾಣುತ್ತದೆ. ಸಿಬಿಎಸ್‌ಇ ಪ್ರಶ್ನೆಪತ್ರಿಕೆಗಳಲ್ಲಿ ಚಿತ್ರವಿರುವ ಪ್ರಶ್ನೆಗೆ ಬದಲಾಗಿ ಇವರಿಗಾಗಿಯೇ ಬೇರೆ ಪ್ರಶ್ನೆ ಕೊಡುವುದನ್ನು ನೀವು ನೋಡಿರಬಹುದು. ಬದಲಿ ಪ್ರಶ್ನೆ ಹಲವು ವೇಳೆ ನೇರವಾಗಿ ವ್ಯಾಖ್ಯೆಯನ್ನೋ ಹೆಸರನ್ನೋ ಕೇಳುವಂಥದ್ದಾಗಿಬಿಡುತ್ತದೆ. ಕಂಡದ್ದರಿಂದ ತೀರ್ಮಾನಕ್ಕೆ ಬರುವ ಅವಕಾಶ ಉಳಿದವರಿಗೆ ಸಿಕ್ಕಿ ಇವರಿಗೆ ಮಾತ್ರ ತಪ್ಪುತ್ತದೆ. ಮೇಲಿನ ವರ್ಣನೆಯಂಥದ್ದನ್ನು ಓದಿ ಹೇಳಿದರೆ ಕಣ್ಣಿಲ್ಲದ ವಿದ್ಯಾರ್ಥಿಯೂ ಅದೇ ತರ್ಕವನ್ನು ಮಾಡಬಲ್ಲ. ಆದರೆ ವರ್ಣನೆಯ ಉದ್ದಕ್ಕೆ ಮಿತಿಯಿದೆ. ಐದಾರು ವಾಕ್ಯ ದಾಟಿದರೆ ಪರೀಕ್ಷೆ ಆಗುವುದು ಜ್ಞಾಪಕಶಕ್ತಿಗೆ.

ಪ್ರಶ್ನೆ ಸರಿಯಾಗಿದೆಯೇ ಎಂದು ಅಚ್ಚಿಗೆ ಹೋಗುವ ಮೊದಲೇ ತಿಳಿಯಬಹುದು. ಚಿತ್ರವನ್ನು ಕೈಯಿಂದ ಮುಚ್ಚಿ ಪ್ರಶ್ನೆಯನ್ನಷ್ಟೇ ಓದಿ. ಉತ್ತರ ಹೊಳೆದರೆ ಚಿತ್ರ ಅಲಂಕಾರಕ್ಕೆ ಮಾತ್ರ ಇದೆ. ನಾವು ಮೊದಲು ನೋಡಿದ ಪ್ರಶ್ನೆಗಳಲ್ಲಿ ಮೊದಲನೆಯದನ್ನೇ ನೋಡಿ: ಅಭಿಸರಣೆಯ ಪಾಠದಲ್ಲಿ ಸಸ್ಯಕೋಶದ ವಿದ್ಯಮಾನಕ್ಕೆ ಹೆಸರು ಕೇಳಿದರೆ ಬೇರೆ ಯಾವ ಉತ್ತರ ಸಾಧ್ಯ? ವರ್ಣನೆಯಾದರೆ ಅದನ್ನು ಇಬ್ಬರು ಸಹೋದ್ಯೋಗಿಗಳಿಗೆ ಬೇರೆ ಬೇರೆಯಾಗಿ ಕೊಟ್ಟು ಚಿತ್ರ ಬರೆಯಲು ಹೇಳಿ. ಒಬ್ಬರು ಜೀವವಿಜ್ಞಾನದವರು, ಇನ್ನೊಬ್ಬರು ಗಣಿತದವರಾದರೆ ಒಳ್ಳೆಯದು. ಎರಡು ಚಿತ್ರಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಮ್ಮ ವರ್ಣನೆ ಸುಮ್ಮನಿದೆ ಎಂದರ್ಥ. ಆ ಜಾಗಕ್ಕೂ ಪ್ರಶ್ನೆಗೂ ಸಂಬಂಧವಿಲ್ಲದಿದ್ದರೆ ಬಿಡಿ, ಇದ್ದರೆ ಒಂದು ವಾಕ್ಯ ಸೇರಿಸಿ.

ಓದಿದ ವಾಕ್ಯದಿಂದ ಎಷ್ಟರ ಮಟ್ಟಿಗೆ ಚಿತ್ರ ಬರೆಯಬಹುದು ಎಂಬುದಕ್ಕೂ ಒಂದು ಗಡಿ ಇದೆ, ಅದನ್ನು ಇದೇ ಚಟುವಟಿಕೆಯ ಕೊನೆಯ ಭಾಗ ತೋರಿಸುತ್ತದೆ. ಕುದಿಸಿದ ಎಲೆಯಲ್ಲಿ ಪ್ಲಾಸ್ಮಾಲಿಸಿಸ್ ಆಗುವುದಿಲ್ಲ, ಏಕೆಂದರೆ ಅದರ ಕೋಶಪೊರೆ ಹಾಳಾಗಿದೆ. ಇದನ್ನು ಓದಿದವರು ಸಕ್ಕರೆ ದ್ರಾವಣದಲ್ಲಿರುವ ಕುದಿಸಿದ ಕೋಶಕ್ಕೆ ತಾಜಾ ಕೋಶದ ಚಿತ್ರವನ್ನೇ ಮತ್ತೆ ಬರೆಯುತ್ತಾರೆ: ಒಳಭಾಗ ತುಂಬಿಕೊಂಡಿದೆ, ಬಣ್ಣ ಮೊದಲಿನಂತೆಯೇ ಇದೆ. ವಾಸ್ತವದಲ್ಲಿ ರಿಯೋ ಎಲೆಯನ್ನು ಕುದಿಸಿದಾಗ ಪೊರೆಗಳು ಕೆಟ್ಟು ಆಂಥೋಸಯನಿನ್ ಹೊರಗೆ ಸೋರುತ್ತದೆ, ಕುದಿಸಿದ ನೀರೇ ಬಣ್ಣಗೊಳ್ಳುತ್ತದೆ. ಕೋಶದೊಳಗಿನ ಪ್ರೋಟೀನುಗಳು ಬೆಂದು ಗಟ್ಟಿಯಾಗುತ್ತವೆ, ಆ ಬೆಂದ ಮುದ್ದೆ ಭಿತ್ತಿಯಿಂದ ಅಲ್ಲಲ್ಲಿ ಬಿಟ್ಟುಕೊಳ್ಳಲೂಬಹುದು. ಹೀಗಿರುವಾಗ 'ಭಿತ್ತಿಯ ಪಕ್ಕ ಖಾಲಿ ಜಾಗವಿದ್ದರೆ ಜೀವಂತ, ಇಲ್ಲದಿದ್ದರೆ ಸತ್ತದ್ದು' ಎಂದು ಕಲಿಸುವ ಚಿತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಬರೆಯಬಾರದು. ನೋಡಲು ಅನುಕೂಲವಿದ್ದರೆ ಕಣ್ಣುಮಸೂರಕ್ಕೆ ಮೊಬೈಲ್ ಕ್ಯಾಮರಾ ಹಿಡಿದು ತೆಗೆದ ಚಿತ್ರವೇ ಸಾಕು. ಅನುಕೂಲವಿಲ್ಲದಿದ್ದರೆ ಕುದಿಸಿದ ಕೋಶವನ್ನು ಬಿಟ್ಟು, ಮೂರು ಚಿತ್ರಗಳ ಬೇರೊಂದು ಸಾಲು ಬರೆಯಬಹುದು: ನೀರಿನಲ್ಲಿರುವ ತಾಜಾ ಕೋಶ, ಸಕ್ಕರೆ ದ್ರಾವಣದಲ್ಲಿ ಕುಗ್ಗಿದ ಅದೇ ಕೋಶ, ತಡಮಾಡದೆ ಮತ್ತೆ ನೀರಿಗೆ ಹಾಕಿದಾಗ ತುಂಬಿಕೊಂಡು ಮೊದಲಿನ ತಿಳಿ ನೇರಳೆಗೆ ಮರಳಿದ ಅದೇ ಕೋಶ. ಜೀವಂತ ಪೊರೆ ಇದ್ದರೆ ಮಾತ್ರ ಮೂರನೆಯ ಚಿತ್ರ ಸಾಧ್ಯ. ಅದನ್ನು ಕೊಡದೆ, ಮೊದಲೆರಡನ್ನು ಮಾತ್ರ ಕೊಟ್ಟು, ಮೂರನೆಯದನ್ನು ವಿದ್ಯಾರ್ಥಿಯೇ ಬರೆಯಲಿ ಎಂದು ಖಾಲಿ ಆಯತವೊಂದನ್ನು ಬಿಡಬಹುದು.